ಪರದೆ ಕಟ್ಟು ಮತ್ತು ಪರದೆ ತಡೆ

ಪರದೆ ಕಟ್ಟು (ಟೈಬ್ಯಾಕ್) ಮತ್ತು ಪರದೆ ತಡೆ (ಹೋಲ್ಡ್‌ಬ್ಯಾಕ್) ಎಂಬುವು ಕಿಟಕಿ ಅಥವಾ ಬಾಗಿಲಿನ ಪರದೆಯನ್ನು ಬದಿಗೆ ಸರಿಸಿ ಅಲ್ಲಿಯೇ ಹಿಡಿದಿಡುವ ಸಾಧನಗಳು. ಪರದೆ ಕಟ್ಟು ಮೃದುವಾದುದು; ಬಟ್ಟೆಯ ಪಟ್ಟಿ, ಹುರಿ ಅಥವಾ ಗೊಂಡೆಯುಳ್ಳ ಹಗ್ಗವನ್ನು ಪರದೆಯ ಸುತ್ತ ಬಳಸಿ ಗೋಡೆಯ ಕೊಕ್ಕೆಗೆ ಸಿಕ್ಕಿಸಲಾಗುತ್ತದೆ. ಪರದೆ ತಡೆ ಗಟ್ಟಿಯಾದುದು. ಲೋಹ, ಮರ ಅಥವಾ ಗಾಜಿನಿಂದ ಮಾಡಿದ ಗುಬುಟು ಇಲ್ಲವೇ ಬಾಗಿದ ತೋಳನ್ನು ಗೋಡೆಗೆ ಬಿಗಿದು, ಅದರ ಹಿಂದೆ ಪರದೆಯನ್ನು ಸೇರಿಸಲಾಗುತ್ತದೆ. ಅಂಗಡಿಗಳಲ್ಲಿ ಮೊದಲನೆಯದಕ್ಕೆ ಕರ್ಟನ್ ಬೆಲ್ಟ್ ಅಥವಾ ಕರ್ಟನ್ ಟೈ ಎಂಬ ಹೆಸರುಗಳೂ ಇವೆ.

ಇವುಗಳನ್ನು ಯಾವ ಎತ್ತರದಲ್ಲಿ ಕೂರಿಸಬೇಕು ಎಂಬುದು ಅಲಂಕಾರದ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಲೆಕ್ಕವೂ ಅಡಗಿದೆ. ಎತ್ತರ ಬದಲಾದಂತೆ ಒಳಬರುವ ಬೆಳಕು ಬದಲಾಗುತ್ತದೆ, ಪರದೆಯ ಕೆಳ ಅಂಚು ನೆಲದಿಂದ ಎಷ್ಟು ಮೇಲೇಳುತ್ತದೆ ಎಂಬುದೂ ಬದಲಾಗುತ್ತದೆ. ಗೋಡೆಗೆ ರಂಧ್ರ ಕೊರೆದ ಮೇಲೆ ಇದು ಗಮನಕ್ಕೆ ಬಂದರೆ ತಿದ್ದುವುದು ಕಷ್ಟ.

ಈ ಲೇಖನದಲ್ಲಿ ಜೋಡಿ ಪರದೆಗಳು ಕಿಟಕಿಯ ನಡುವೆ ಒಂದನ್ನೊಂದು ಕೂಡುವ ಅಂಚನ್ನು ಒಳ ಅಂಚು ಎಂದೂ, ಗೋಡೆಯ ಕಡೆಗಿರುವ ಅಂಚನ್ನು ಹೊರ ಅಂಚು ಎಂದೂ ಕರೆಯಲಾಗಿದೆ.

## ಇತಿಹಾಸ

ಗೋಡೆಗೆ ಬಿಗಿಯುವ ಗುಬುಟುಗಳು 19ನೇ ಶತಮಾನದ ಆರಂಭದ ಫ್ರೆಂಚ್ ಎಂಪೈರ್ ಶೈಲಿಯ ಕೋಣೆಗಳಲ್ಲಿ ಎದ್ದು ಕಾಣುತ್ತವೆ. ಚಿನ್ನದ ಲೇಪವುಳ್ಳ ಕಂಚಿನ ದುಂಡು ಬಿಲ್ಲೆಗಳ ಮೇಲೆ ಭಾರವಾದ ರೇಷ್ಮೆ ಪರದೆಗಳನ್ನು ಇಳಿಬಿಡುವುದು ಆ ಶೈಲಿಯ ರೂಢಿಯಾಗಿತ್ತು. ಫ್ರೆಂಚ್ ಭಾಷೆಯಲ್ಲಿ ಇಂಥ ಬಿಲ್ಲೆಗೆ ಪತೇರ್ ಎಂದೂ, ಬಟ್ಟೆ ಅಥವಾ ಹುರಿಯ ಕಟ್ಟಿಗೆ ಆಂಬ್ರಾಸ್ ಎಂದೂ ಹೆಸರು. ಎರಡನೆಯ ಪದಕ್ಕೆ ಅಪ್ಪಿಕೊಳ್ಳುವುದು ಎಂಬ ಅರ್ಥದ ಕ್ರಿಯಾಪದದೊಡನೆ ಸಂಬಂಧವಿದೆ.

ಅದೇ ಶತಮಾನದಲ್ಲಿ ಅಮೆರಿಕದಲ್ಲಿ ಅಚ್ಚೊತ್ತಿದ ಗಾಜಿನ ಗುಬುಟುಗಳು ಬಳಕೆಗೆ ಬಂದವು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಯಾಂಡ್‌ವಿಚ್ ಊರಿನಲ್ಲಿದ್ದ ಬಾಸ್ಟನ್ ಆಂಡ್ ಸ್ಯಾಂಡ್‌ವಿಚ್ ಗ್ಲಾಸ್ ಕಂಪನಿ ತಯಾರಿಸಿದ ಹಾಲುಬಣ್ಣದ ಹೂವಿನಾಕಾರದ ಗುಬುಟುಗಳನ್ನು ಹಳೆಯ ವಸ್ತುಗಳ ಸಂಗ್ರಾಹಕರು ಇಂದಿಗೂ ಅರಸುತ್ತಾರೆ. ಗಾಜಿನ ಹೂವನ್ನು ಪ್ಯೂಟರ್ ಎಂಬ ತವರದ ಮಿಶ್ರಲೋಹದ ದಂಡಕ್ಕೆ ಜೋಡಿಸಿ ಗೋಡೆಗೆ ಸೇರಿಸಲಾಗುತ್ತಿತ್ತು.

ರಂಗಭೂಮಿಯಲ್ಲಿ ಇದೇ ತತ್ತ್ವ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಜರ್ಮನಿಯ ಬೈರಾಯ್ಟ್ ನಗರದಲ್ಲಿ 1876ರಲ್ಲಿ ಆರಂಭವಾದ ರಿಚರ್ಡ್ ವಾಗ್ನರ್‌ನ ನಾಟಕಶಾಲೆಯಲ್ಲಿ, ಎರಡು ಭಾಗದ ಪರದೆ ಓರೆಯಾಗಿ ಮೇಲಕ್ಕೂ ಬದಿಗೂ ಎಳೆಯಲ್ಪಟ್ಟು ತೆರೆದುಕೊಳ್ಳುತ್ತಿತ್ತು. ಈ ಬಗೆಯ ರಂಗಪರದೆಗೆ ವಾಗ್ನರ್ ಪರದೆ ಎಂಬ ಹೆಸರೇ ಉಳಿದಿದೆ. ಮನೆಯ ಕಿಟಕಿಗಳಲ್ಲಿ ಅದನ್ನೇ ಹೋಲುವ ಏರ್ಪಾಟಿಗೆ ಇಟಾಲಿಯನ್ ಸ್ಟ್ರಿಂಗಿಂಗ್ ಎನ್ನುತ್ತಾರೆ. ಪರದೆಯ ಹಿಂಬದಿಯಲ್ಲಿ ಓರೆಗೆರೆಯಲ್ಲಿ ಚಿಕ್ಕ ಬಳೆಗಳನ್ನು ಹೊಲಿದು, ಅವುಗಳೊಳಗೆ ಹುರಿಯನ್ನು ಹಾಯಿಸಿ, ಹೊರ ಅಂಚಿನ ಬಳಿ ಎಳೆದು ಕಟ್ಟಲಾಗುತ್ತದೆ. ಮೇಲ್ತುದಿ ಕದಲುವುದಿಲ್ಲ, ಗೋಡೆಯಲ್ಲಿ ಯಾವ ಸಾಧನವೂ ಕಾಣುವುದಿಲ್ಲ.

## ಬಗೆಗಳು

ಪರದೆ ಕಟ್ಟುಗಳಲ್ಲಿ ಬಾಳೆಹಣ್ಣಿನಂತೆ ಬಾಗಿದ ಬಟ್ಟೆಯ ಪಟ್ಟಿ ಬಹಳ ರೂಢಿಯಲ್ಲಿದೆ. ಒಳಗೆ ಬಕ್ರಂ ಸೇರಿಸಿ ಬಿರುಸುಗೊಳಿಸಿದ ಈ ಪಟ್ಟಿ ನಡುವೆ ಅಗಲವಾಗಿ ತುದಿಗಳಲ್ಲಿ ಕಿರಿದಾಗಿರುತ್ತದೆ. ನೇರ ಪಟ್ಟಿಯನ್ನು ಪರದೆಗೆ ಸುತ್ತಿದರೆ ಅದರ ಕೆಳ ಅಂಚು ಬಟ್ಟೆಯೊಳಗೆ ಕಚ್ಚಿಕೊಂಡು ಮೇಲಂಚು ಸಡಿಲವಾಗಿ ಬಾಯಿಬಿಡುತ್ತದೆ. ಬಾಗಿದ ಪಟ್ಟಿ ಮಾತ್ರ ಕೆಳಗಿಳಿದು ಕೂತು ನೆರಿಗೆಗಳನ್ನು ಸಮವಾಗಿ ಹಿಡಿಯುತ್ತದೆ. ಎರಡೂ ತುದಿಗೆ ಒಂದೊಂದು ಬಳೆ ಇರುತ್ತದೆ. ಗೋಡೆಯ ಕಡೆಯ ಬಳೆ ಪಟ್ಟಿಯಿಂದ ಅರ್ಧ ಹೊರಚಾಚಿರಬೇಕು, ಮುಂಬದಿಯ ಬಳೆ ಪಟ್ಟಿಯ ಹಿಂದೆ ಮರೆಯಾಗಿರಬೇಕು. ಈ ಕಾರಣದಿಂದ ಎಡ ಮತ್ತು ಬಲದ ಪಟ್ಟಿಗಳು ಒಂದರ ಕನ್ನಡಿಬಿಂಬ ಇನ್ನೊಂದಾಗಿರುತ್ತವೆ. ಎರಡನ್ನೂ ಒಂದೇ ರೀತಿ ಹೊಲಿದರೆ ಒಂದು ಬದಿಯಲ್ಲಿ ಬಳೆ ಎದ್ದು ಕಾಣುತ್ತದೆ.

ಹುರಿ ಮತ್ತು ಗೊಂಡೆಯ ಕಟ್ಟುಗಳು ಭಾರವಾದ, ಅಸ್ತರಿ ಹಾಕಿದ ಪರದೆಗಳಿಗೆ ಒಪ್ಪುತ್ತವೆ. ತೆಳು ಪರದೆಯ ಮೇಲೆ ದಪ್ಪ ಗೊಂಡೆ ಜೋತಾಡಿದರೆ ಅದು ಬಟ್ಟೆಯನ್ನು ಕೆಳಗೆ ಜಗ್ಗುತ್ತದೆ. ಎರಡು ತುದಿಗಳಲ್ಲಿ ಅಯಸ್ಕಾಂತವಿರುವ ಕಟ್ಟುಗಳು ಇತ್ತೀಚೆಗೆ ಸಾಮಾನ್ಯವಾಗಿವೆ. ಇವುಗಳಿಗೆ ಗೋಡೆಯ ಕೊಕ್ಕೆ ಬೇಕಿಲ್ಲವಾದುದರಿಂದ ಬಾಡಿಗೆ ಮನೆಗಳಲ್ಲಿ ಅನುಕೂಲ. ಆದರೆ ಇವು ಪರದೆಯನ್ನು ಬರಿದೇ ಮುಷ್ಟಿಯಂತೆ ಹಿಡಿಯುತ್ತವೆಯೇ ಹೊರತು ಬದಿಗೆ ಎಳೆದು ನಿಲ್ಲಿಸಲಾರವು. ಆದ್ದರಿಂದ ಮುಂದೆ ಹೇಳುವ ಓರೆಯ ಇಳಿಜಾರು ಇವುಗಳಿಂದ ಬರುವುದಿಲ್ಲ.

ಪರದೆ ತಡೆಗಳಲ್ಲಿ ಮುಖ್ಯವಾಗಿ ಎರಡು ರೂಪಗಳಿವೆ. ಒಂದು, ಗೋಡೆಯಿಂದ ಹೊರಚಾಚಿದ ದಂಡದ ತುದಿಯಲ್ಲಿ ಬಿಲ್ಲೆ ಅಥವಾ ಗುಬುಟು ಇರುವುದು. ಇನ್ನೊಂದು, ಒಂದು ತುದಿ ಮಾತ್ರ ಗೋಡೆಗೆ ಅಂಟಿಕೊಂಡು ಉಳಿದುದು ಕುಡುಗೋಲಿನಂತೆ ಬಾಗಿರುವ ತೋಳು. ದಿನವೂ ಪರದೆ ಮುಚ್ಚಿ ತೆರೆಯುವ ಮನೆಯಲ್ಲಿ ತೋಳಿನ ರೂಪವೇ ವಾಸಿ, ಒಂದೇ ಕೈಯಲ್ಲಿ ಪರದೆಯನ್ನು ಒಳಗೆ ತಳ್ಳಿಬಿಡಬಹುದು.

ತಡೆಯನ್ನು ಆರಿಸುವಾಗ ಅದರ ದಂಡದ ಉದ್ದವನ್ನು ನೋಡುವುದು ಅಗತ್ಯ. ಪರದೆಯ ಸರಳು ಗೋಡೆಯಿಂದ ಎಷ್ಟು ದೂರ ನಿಂತಿದೆಯೋ ತಡೆಯೂ ಸುಮಾರು ಅಷ್ಟೇ ಹೊರಚಾಚಿರಬೇಕು. ಸರಳು 9 ಸೆಂಟಿಮೀಟರ್ ಮುಂದಿದ್ದು ತಡೆ 5 ಸೆಂಟಿಮೀಟರ್ ಮಾತ್ರ ಇದ್ದರೆ ಪರದೆ ಗೋಡೆಯತ್ತ ವಾಲಿ ಹಿಂಡಿದಂತೆ ಕಾಣುತ್ತದೆ. ಜೋಡಿ ಸರಳುಗಳಲ್ಲಿ, ಅಂದರೆ ತೆಳು ಪರದೆಯ ಮುಂದೆ ದಪ್ಪ ಪರದೆ ಇರುವಲ್ಲಿ, ಮುಂದಿನ ಸರಳಿನ ದೂರವನ್ನೇ ಲೆಕ್ಕಕ್ಕೆ ಹಿಡಿಯಬೇಕು.

## ಎತ್ತರದ ರೂಢಿ

ನೆಲ ಮುಟ್ಟುವ ಪರದೆಗೆ ಸಾಮಾನ್ಯವಾಗಿ ಹೇಳುವ ನಿಯಮವೆಂದರೆ ಕಟ್ಟನ್ನು ಪರದೆಯ ಕೆಳಗಿನ ಮೂರನೇ ಒಂದು ಭಾಗದ ಗಡಿಯಲ್ಲಿ ಇಡಬೇಕು ಎಂಬುದು. ಹೆಚ್ಚು ಬೆಳಕು ಬೇಕೆಂದರೆ ಮೇಲಿನ ಮೂರನೇ ಒಂದು ಭಾಗದ ಗಡಿಗೆ ಏರಿಸಬಹುದು. ಸರಿಯಾಗಿ ನಡುವೆ ಕಟ್ಟುವುದನ್ನು ತಪ್ಪಿಸುತ್ತಾರೆ, ಏಕೆಂದರೆ ಆಗ ಪರದೆ ಎರಡು ಸಮಭಾಗವಾಗಿ ತುಂಡಾದಂತೆ ಕಾಣುತ್ತದೆ. ಕಿಟಕಿಯ ಕೆಳಕಟ್ಟು ಮೂರನೇ ಒಂದರ ಗಡಿಗೆ ಸಮೀಪದಲ್ಲಿದ್ದರೆ ಕಟ್ಟನ್ನು ಅದರ ಮಟ್ಟಕ್ಕೆ ಹೊಂದಿಸುವುದು ವಾಡಿಕೆ. ಗೋಡೆಯಲ್ಲಿ ಈಗಾಗಲೇ ಇರುವ ಅಡ್ಡಗೆರೆಯೊಡನೆ ಇನ್ನೊಂದು ಗೆರೆ ಪೈಪೋಟಿ ಮಾಡುವುದಿಲ್ಲ.

ಈ ರೂಢಿ ಬಹುಪಾಲು ಸರಿಯೇ. ಆದರೆ ಪರದೆಯ ಮೇಲ್ತುದಿ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಅದು ಹೇಳುವುದಿಲ್ಲ. ಫಲಿತಾಂಶವನ್ನು ನಿರ್ಧರಿಸುವುದು ಹೆಚ್ಚಾಗಿ ಅದೇ.

## ಕೆಳ ಅಂಚು ಏಕೆ ಮೇಲೇಳುತ್ತದೆ

ಪರದೆಯನ್ನು ಎರಡು ವಿಧದಲ್ಲಿ ಕಟ್ಟಬಹುದು. ಮೊದಲನೆಯ ವಿಧದಲ್ಲಿ ಸರಳಿನ ಮೇಲೆಯೇ ಪರದೆಯನ್ನು ಪೂರ್ತಿ ಬದಿಗೆ ಸರಿಸಿ, ಆ ನೆರಿಗೆಯ ಗುಂಪನ್ನು ಕಟ್ಟಿನಿಂದ ಹಿಡಿಯಲಾಗುತ್ತದೆ. ಎರಡನೆಯದರಲ್ಲಿ ಮೇಲ್ತುದಿಗಳು ಕಿಟಕಿಯ ನಡುವೆ ಕೂಡಿಕೊಂಡೇ ಇರುತ್ತವೆ, ಕೆಳಭಾಗವನ್ನು ಮಾತ್ರ ಬದಿಗೆ ಎಳೆಯಲಾಗುತ್ತದೆ. ಚಿತ್ರಗಳಲ್ಲಿ ಕಾಣುವ ಇಳಿಜಾರಿನ ಸೊಬಗು ಎರಡನೆಯದರದು.

ಎರಡನೆಯ ವಿಧದಲ್ಲಿ ಒಳ ಅಂಚು ಸರಳಿನಿಂದ ನೇರವಾಗಿ ಇಳಿಯದೆ ಓರೆಯಾಗಿ ಕಟ್ಟಿನವರೆಗೆ ಹೋಗಿ, ಅಲ್ಲಿಂದ ನೇರ ಇಳಿಯುತ್ತದೆ. ಓರೆದಾರಿ ನೇರದಾರಿಗಿಂತ ಉದ್ದ. ಬಟ್ಟೆ ಹಿಗ್ಗುವುದಿಲ್ಲವಾದ್ದರಿಂದ ಆ ಹೆಚ್ಚಿನ ಉದ್ದವನ್ನು ಕೆಳಗಿನ ತುದಿಯಿಂದಲೇ ಪಡೆಯಬೇಕಾಗುತ್ತದೆ. ಹೊರ ಅಂಚಾದರೋ ನೇರವಾಗಿಯೇ ಇರುವುದರಿಂದ ಮೇಲೇಳುವುದಿಲ್ಲ. ಹೀಗಾಗಿ ಪರದೆಯ ಕೆಳ ಅಂಚು ಗೋಡೆಯ ಕಡೆ ತಗ್ಗಿಯೂ ಕಿಟಕಿಯ ನಡುವಿನ ಕಡೆ ಎದ್ದೂ ಓರೆಯಾಗಿ ನಿಲ್ಲುತ್ತದೆ. ದರ್ಜಿಯು ಅಳತೆ ತಪ್ಪಿ ಹೊಲಿದನೆಂದು ದೂರುವವರು ಅನೇಕ ಬಾರಿ ನೋಡುತ್ತಿರುವುದು ಈ ಜ್ಯಾಮಿತಿಯನ್ನೇ.

ಸರಳಿನಿಂದ ಕಟ್ಟಿನವರೆಗಿನ ಇಳಿತವನ್ನು d ಎಂದೂ, ಒಳ ಅಂಚು ಬದಿಗೆ ಸರಿದ ದೂರವನ್ನು s ಎಂದೂ ಇಟ್ಟುಕೊಂಡರೆ, ಅಂಚು ಮೇಲೇಳುವ ಪ್ರಮಾಣ h ಪೈಥಾಗೊರಸನ ಪ್ರಮೇಯದಿಂದ ದೊರೆಯುತ್ತದೆ:

h = √(d² + s²) − d

ಇದು ಬಟ್ಟೆ ಬಿಗಿಯಾಗಿ ನೇರಗೆರೆಯಲ್ಲಿದ್ದಾಗಿನ ಲೆಕ್ಕ. ಕಟ್ಟಿನ ಮೇಲೆ ಬಟ್ಟೆಯನ್ನು ಸ್ವಲ್ಪ ಸಡಿಲಬಿಟ್ಟು ಕಮಾನಿನಂತೆ ಇಳಿಸಿದರೆ ಅಂಚು ಇನ್ನೂ ಹೆಚ್ಚು ಏಳುತ್ತದೆ.

## ಒಂದು ಕಿಟಕಿಯ ಲೆಕ್ಕ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕಡಿ ಕಿಟಕಿಯೊಂದನ್ನು ತೆಗೆದುಕೊಳ್ಳಬಹುದು. ಅಗಲ 120 ಸೆಂಟಿಮೀಟರ್, ಕೆಳಕಟ್ಟು ನೆಲದಿಂದ 90, ಮೇಲಿನ ಲಿಂಟಲ್ 210 ಸೆಂಟಿಮೀಟರ್ ಎತ್ತರದಲ್ಲಿದೆ. ಸರಳನ್ನು 225 ಸೆಂಟಿಮೀಟರ್ ಎತ್ತರದಲ್ಲಿ ಹಾಕಿ, ಎರಡೂ ಕಡೆ 15 ಸೆಂಟಿಮೀಟರ್ ಹೆಚ್ಚಾಗಿ ಚಾಚಲಾಗಿದೆ. ಒಟ್ಟು 150 ಸೆಂಟಿಮೀಟರ್ ಸರಳಿನಲ್ಲಿ ಒಂದೊಂದು ಪರದೆ 75 ಸೆಂಟಿಮೀಟರ್ ಮುಚ್ಚುತ್ತದೆ. ಕಟ್ಟಿದ ಮೇಲೆ ನೆರಿಗೆಯ ಗುಂಪು 15 ಸೆಂಟಿಮೀಟರ್ ಅಗಲವಾಗಿ ಗೋಡೆಯ ಭಾಗದಲ್ಲೇ ಕೂರುತ್ತದೆ ಎಂದುಕೊಂಡರೆ ಒಳ ಅಂಚು 60 ಸೆಂಟಿಮೀಟರ್ ಸರಿದಂತಾಯಿತು. ಪರದೆಯ ಅಂಚು ನೆಲದಿಂದ 2 ಸೆಂಟಿಮೀಟರ್ ಮೇಲಿದೆ.

ಕೆಳಗಿನ ಮೂರನೇ ಒಂದರ ನಿಯಮದಂತೆ ಕಟ್ಟನ್ನು ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಇಟ್ಟರೆ d 150 ಆಗುತ್ತದೆ. ಓರೆದಾರಿ ಸುಮಾರು 162 ಸೆಂಟಿಮೀಟರ್. ಅಂದರೆ ಒಳ ಅಂಚು 12 ಸೆಂಟಿಮೀಟರ್ ಮೇಲೇಳುತ್ತದೆ. ಮೇಲಿನ ಭಾಗದಲ್ಲಿ ಪರದೆ ತ್ರಿಕೋನಾಕಾರವಾಗಿ ಗಾಜನ್ನು ಮುಚ್ಚಿರುವುದರಿಂದ ಕಿಟಕಿಯ ಅರ್ಧದಷ್ಟು ಮಾತ್ರ ತೆರೆದಿರುತ್ತದೆ. ಅದೇ ಕಟ್ಟನ್ನು ಕೆಳಕಟ್ಟಿನ ಮಟ್ಟಕ್ಕೆ, 90 ಸೆಂಟಿಮೀಟರಿಗೆ ಏರಿಸಿದರೆ ಅಂಚು 13 ಸೆಂಟಿಮೀಟರ್ ಏಳುತ್ತದೆ, ತೆರೆದ ಭಾಗ ನೂರಕ್ಕೆ 56ರಷ್ಟಾಗುತ್ತದೆ. ಒಂದು ಸೆಂಟಿಮೀಟರಿನ ನಷ್ಟಕ್ಕೆ ಇದು ಒಳ್ಳೆಯ ಲಾಭ. ಈ ಕಿಟಕಿಗೆ 75ಕ್ಕಿಂತ 90 ಮೇಲು.

ಕಟ್ಟನ್ನು ಮೇಲಿನ ಮೂರನೇ ಒಂದರ ಗಡಿಗೆ, 150 ಸೆಂಟಿಮೀಟರಿಗೆ ಒಯ್ದರೆ ಚಿತ್ರ ಬದಲಾಗುತ್ತದೆ. ಕಿಟಕಿಯ ನೂರಕ್ಕೆ 80ರಷ್ಟು ತೆರೆದುಕೊಳ್ಳುತ್ತದೆ. ಆದರೆ ಒಳ ಅಂಚು 21 ಸೆಂಟಿಮೀಟರ್ ಏಳುತ್ತದೆ. ಮೊದಲೇ ಇದ್ದ 2 ಸೆಂಟಿಮೀಟರ್ ಸೇರಿ ನೆಲದಿಂದ 23 ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ. ಬೆಳಕಿಗಾಗಿ ಎತ್ತರದಲ್ಲಿ ಕಟ್ಟಬೇಕೆನ್ನುವವರು ಪರದೆಯನ್ನು ಮೊದಲೇ ಉದ್ದವಾಗಿ, ನೆಲದ ಮೇಲೆ ಹರಡುವಂತೆ ಹೊಲಿಸುವುದು ಇದಕ್ಕಾಗಿಯೇ. ಒಳ ಅಂಚನ್ನು ಮಾತ್ರ ಉದ್ದವಾಗಿ ಕತ್ತರಿಸುವ ಪದ್ಧತಿಯೂ ಇದೆ, ಆದರೆ ಅಂಥ ಪರದೆಯನ್ನು ಬಿಚ್ಚಿ ಮುಚ್ಚಿದಾಗ ನಡುವೆ ಬಟ್ಟೆ ನೆಲದ ಮೇಲೆ ಕುಪ್ಪೆ ಬೀಳುತ್ತದೆ. ಎಂದೂ ಮುಚ್ಚದ ಅಲಂಕಾರದ ಪರದೆಗೆ ಮಾತ್ರ ಅದು ಸರಿ.

ಇನ್ನು ಮೊದಲನೆಯ ವಿಧದಲ್ಲಿ, ಅಂದರೆ ಪರದೆಯನ್ನು ಸರಳಿನ ಮೇಲೆಯೇ ಬದಿಗೆ ಸರಿಸಿ ಕಟ್ಟಿದಾಗ, ಒಳ ಅಂಚು ಸರಿಯುವುದು ಹತ್ತು ಸೆಂಟಿಮೀಟರ್ ಇದ್ದೀತು. 75 ಸೆಂಟಿಮೀಟರ್ ಎತ್ತರದ ಕಟ್ಟಿಗೆ ಅಂಚು ಏಳುವುದು ಅರ್ಧ ಸೆಂಟಿಮೀಟರಿಗೂ ಕಡಿಮೆ. ಇಲ್ಲಿ ಕಟ್ಟಿನ ಎತ್ತರ ಕೇವಲ ನೋಟದ ವಿಷಯ. ಗಾಳಿ ಬೆಳಕು ಮುಖ್ಯವಾದ ಕೋಣೆಗೆ ಇದೇ ಸರಳ ಉಪಾಯ.

## ಗಿಡ್ಡ ಪರದೆ ಮತ್ತು ಬಾಗಿಲ ಪರದೆ

ಭಾರತದ ಮಾರುಕಟ್ಟೆಯಲ್ಲಿ ಸಿದ್ಧ ಪರದೆಗಳು ಹೆಚ್ಚಾಗಿ 5, 7 ಮತ್ತು 9 ಅಡಿ ಉದ್ದದಲ್ಲಿ ದೊರೆಯುತ್ತವೆ. ಐದಡಿಯದು ಕಿಟಕಿಗೆ, ಏಳಡಿಯದು ಬಾಗಿಲಿಗೆ, ಒಂಬತ್ತಡಿಯದು ಎತ್ತರದ ಬಾಗಿಲು ಅಥವಾ ಚಾವಣಿಯಿಂದ ನೆಲದವರೆಗಿನ ಗೋಡೆಗೆ. ಮೇಲಿನ ಕಿಟಕಿಗೇ ಐದಡಿ, ಅಂದರೆ 152 ಸೆಂಟಿಮೀಟರ್ ಪರದೆ ಹಾಕಿದರೆ ಅದರ ತುದಿ ನೆಲದಿಂದ 73 ಸೆಂಟಿಮೀಟರ್ ಎತ್ತರದಲ್ಲಿ, ಕೆಳಕಟ್ಟಿಗಿಂತ 17 ಸೆಂಟಿಮೀಟರ್ ಕೆಳಗೆ ಬರುತ್ತದೆ. ಇದರ ಕೆಳಗಿನ ಮೂರನೇ ಒಂದರ ಗಡಿ 123 ಸೆಂಟಿಮೀಟರ್ ಎತ್ತರದಲ್ಲಿದೆ. ಮೇಲ್ತುದಿ ಮುಚ್ಚಿ ಅಲ್ಲಿ ಕಟ್ಟಿದರೆ ಒಳ ಅಂಚು 16 ಸೆಂಟಿಮೀಟರ್ ಎದ್ದು, ಕೆಳಕಟ್ಟಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಕಟ್ಟಿದಾಗ ಪರದೆ ಕಿಟಕಿಗೆ ಸಾಲದೆಂಬಂತೆ ತೋರುತ್ತದೆ. ಗಿಡ್ಡ ಪರದೆಯನ್ನು ಕಟ್ಟದೆ ಸರಿಸಿಬಿಡುವುದು, ಇಲ್ಲವೇ ಸರಿಸಿದ ಮೇಲೆ ಕಟ್ಟುವುದು ಒಳಿತು.

ಒಂದೇ ಬದಿಗೆ ಕಟ್ಟುವ ಬಾಗಿಲ ಪರದೆಯಲ್ಲಿ ಇದೇ ಲಕ್ಷಣ ಉಪಯೋಗಕ್ಕೆ ಬರುತ್ತದೆ. ಒಂದು ಮೀಟರ್ ಅಗಲದ ಪರದೆಯ ಅಂಚು 80 ಸೆಂಟಿಮೀಟರ್ ಸರಿದು, ಕಟ್ಟು ಸರಳಿನಿಂದ 120 ಸೆಂಟಿಮೀಟರ್ ಕೆಳಗಿದ್ದರೆ ಅಂಚು 24 ಸೆಂಟಿಮೀಟರಿನಷ್ಟು ಮೇಲೇಳುತ್ತದೆ. ಓಡಾಡುವವರ ಕಾಲಿಗೆ ಬಟ್ಟೆ ಸಿಕ್ಕುವುದು, ನೆಲ ಒರೆಸುವಾಗ ನೆನೆಯುವುದು ಎರಡೂ ತಪ್ಪುತ್ತವೆ. ಇಲ್ಲಿ ಗುಬುಟಿಗಿಂತ ಬಟ್ಟೆಯ ಕಟ್ಟು ಲೇಸು. ಹಾದಿಯಲ್ಲಿ ಹೊರಚಾಚಿದ ಲೋಹ ಮೊಣಕೈಗೆ ತಾಗುತ್ತದೆ.

## ಕೊಕ್ಕೆಯ ಸ್ಥಾನ ಮತ್ತು ಕಟ್ಟಿನ ಉದ್ದ

ಅಡ್ಡದಲ್ಲಿ ಕೊಕ್ಕೆಯ ಸ್ಥಾನ ಪರದೆಯ ಹೊರ ಅಂಚಿನ ನೇರಕ್ಕೆ, ಪರದೆಯ ಹಿಂದೆ ಮರೆಯಾಗುವಂತೆ ಇರಬೇಕು. ಕೊಕ್ಕೆ ಇನ್ನೂ ಹೊರಗಿದ್ದರೆ ಹೊರ ಅಂಚೂ ಓರೆಯಾಗಿ ಎಳೆಯಲ್ಪಟ್ಟು ಪರದೆಯ ಹಿಂದಿನ ಗೋಡೆ ಕಾಣುತ್ತದೆ. ಒಳಗಿದ್ದರೆ ನೆರಿಗೆಯ ಗುಂಪು ಗಾಜಿನ ಮೇಲೆ ಬರುತ್ತದೆ. ಗುಬುಟಿನ ಬಗೆಯ ತಡೆಗೆ ಹೊರ ಅಂಚಿನಿಂದ ಐದರಿಂದ ಹತ್ತು ಸೆಂಟಿಮೀಟರ್ ಒಳಗಿನ ಜಾಗ ಸರಿಹೋಗುತ್ತದೆ, ಏಕೆಂದರೆ ಬಟ್ಟೆ ಅದರ ಹಿಂದೆ ಹಾದು ಹೊರಬದಿಗೂ ಹರಡಬೇಕು.

ಕಟ್ಟಿನ ಉದ್ದವನ್ನು ಊಹಿಸಿ ಹೊಲಿಸುವುದಕ್ಕಿಂತ ಪರದೆ ತೂಗುಹಾಕಿದ ಮೇಲೆ ಅಳೆಯುವುದೇ ಕ್ಷೇಮ. ಅಳತೆಪಟ್ಟಿಯನ್ನು ಪರದೆಯ ಸುತ್ತ ಬಳಸಿ ಗೋಡೆಯ ಬಳಿ ಎರಡೂ ತುದಿ ಹಿಡಿದು, ಮೇಲೆ ಕೆಳಗೆ ಸರಿಸುತ್ತ, ಬಿಗಿ ಸಡಿಲ ಮಾಡುತ್ತ ನೋಡಬೇಕು. ಇನ್ನೊಬ್ಬರು ಕೋಣೆಯ ಬಾಗಿಲ ಬಳಿ ನಿಂತು ಒಪ್ಪಿದ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ, ಆಗಿನ ಅಳತೆಯನ್ನೇ ಕಟ್ಟಿನ ಉದ್ದವೆಂದು ತೆಗೆದುಕೊಳ್ಳಬೇಕು. ಒಂದು ಬದಿಯ ಗುರುತನ್ನು ಇನ್ನೊಂದಕ್ಕೆ ಸಾಗಿಸುವಾಗ ಸರಳಿನಿಂದ ಕೆಳಗೆ ಅಳೆಯಬೇಕು. ಹಳೆಯ ಮನೆಗಳಲ್ಲಿ ನೆಲ ಸಮವಿಲ್ಲದಿದ್ದರೆ ನೆಲದಿಂದ ಅಳೆದ ಗುರುತುಗಳು ಏರುಪೇರಾಗುತ್ತವೆ.

ಸಿಮೆಂಟ್ ಗಾರೆಯ ಗೋಡೆಗೆ ರಂಧ್ರ ಕೊರೆದು ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಅದರೊಳಗೆ ಸ್ಕ್ರೂ ಬಿಗಿಯಬೇಕು. ಕಿಟಕಿಯ ಮೂಲೆಯ ಅಂಚಿಗೆ ತೀರ ಹತ್ತಿರ ಕೊರೆದರೆ ಗಾರೆ ಚಕ್ಕೆಯಾಗಿ ಉದುರುತ್ತದೆ. ಭಾರವಾದ ಪರದೆ ಕೊಕ್ಕೆಯನ್ನು ಎಳೆಯುವುದು ಕೆಳಕ್ಕಷ್ಟೇ ಅಲ್ಲ, ಕಿಟಕಿಯ ನಡುವಿನ ಕಡೆಗೂ ಹೌದು. ಕೊಕ್ಕೆ ಸಡಿಲವಾಗುತ್ತಿದೆ ಎಂಬುದನ್ನು ರಂಧ್ರವು ಹೊರಬದಿಯಲ್ಲಿ ಬಾಯಿಬಿಡುವುದರಿಂದ ಗುರುತಿಸಬಹುದು.

## ಬಳಕೆಯಲ್ಲಿ ಕಾಣುವ ತೊಂದರೆಗಳು

ಐಲೆಟ್ ಬಗೆಯ ಪರದೆಗಳು ನುಣುಪಾದ ಸ್ಟೀಲ್ ಸರಳಿನ ಮೇಲೆ ಸುಲಭವಾಗಿ ಜಾರುತ್ತವೆ. ಮೇಲ್ತುದಿಯನ್ನು ನಡುವೆ ಕೂಡಿಸಿ ಕೆಳಗೆ ಕಟ್ಟಿದರೆ ಬಟ್ಟೆಯ ಎಳೆತಕ್ಕೆ ಒಳಗಿನ ಉಂಗುರಗಳು ಬದಿಗೆ ಸರಿದು ನಡುವೆ ಸಂದು ಬೀಳುತ್ತದೆ. ಹೀಗಾದಾಗ ಕಟ್ಟನ್ನು ಸಡಿಲಿಸಬಹುದು, ಇಲ್ಲವೇ ಎರಡೂ ಪರದೆಗಳ ಕೊನೆಯ ಉಂಗುರಗಳನ್ನು ದಾರದಿಂದ ಒಂದಕ್ಕೊಂದು ಕಟ್ಟಬಹುದು. ಓರೆಯ ಇಳಿಜಾರು ಬೇಕೆನ್ನುವವರಿಗೆ ಸರಳಿಗೆ ಬಿಗಿಯಾಗಿ ಕೂರುವ ನೆರಿಗೆಪಟ್ಟಿಯ ಪರದೆ ಹೆಚ್ಚು ಹೊಂದುತ್ತದೆ.

ವರ್ಷಗಟ್ಟಲೆ ಕಟ್ಟಿಯೇ ಇಟ್ಟ ಪರದೆಯಲ್ಲಿ ಎರಡು ಗುರುತುಗಳು ಉಳಿಯುತ್ತವೆ. ಕಟ್ಟಿನ ಜಾಗದಲ್ಲಿ ಅಡ್ಡ ಸುಕ್ಕು ಬೀಳುತ್ತದೆ; ಲಿನನ್ ಮತ್ತು ರೇಷ್ಮೆಯಲ್ಲಿ ಅದು ಬೇಗ ಕಾಣುತ್ತದೆ, ಮಖಮಲಿನಲ್ಲಿ ನವಿರು ಚಪ್ಪಟೆಯಾಗುತ್ತದೆ. ಎರಡನೆಯದು ಬಿಸಿಲಿನ ಗೆರೆ. ನೆರಿಗೆಯ ಹೊರಮೈ ಮಾತ್ರ ಬಿಸಿಲಿಗೆ ಒಡ್ಡಿಕೊಂಡು ಮಾಸುತ್ತದೆ, ಒಳಮಡಿಕೆ ಮೊದಲಿನ ಬಣ್ಣದಲ್ಲೇ ಇರುತ್ತದೆ. ಬಿಚ್ಚಿ ಹರಡಿದಾಗ ಉದ್ದುದ್ದ ಪಟ್ಟೆಗಳು ಕಾಣುವುದು ಇದರಿಂದ. ರೇಷ್ಮೆಯ ಎಳೆ ಬಿಸಿಲಿನಲ್ಲಿ ದುರ್ಬಲವಾಗುವುದರಿಂದ ಅಂಥ ಪರದೆಗೆ ಅಸ್ತರಿ ಹಾಕಿಸುವುದು, ರಾತ್ರಿಯಲ್ಲಾದರೂ ಕಟ್ಟನ್ನು ಬಿಚ್ಚಿಬಿಡುವುದು ರೂಢಿ.

ಚಿಕ್ಕ ಮಕ್ಕಳಿರುವ ಕೋಣೆಯಲ್ಲಿ ಹುರಿಯ ಕಟ್ಟುಗಳು ಅಪಾಯಕಾರಿ. ಪರದೆ ಬಿಚ್ಚಿದಾಗ ಕೊಕ್ಕೆಯಲ್ಲಿಯೇ ಜೋತು ಉಳಿಯುವ ಕುಣಿಕೆ ಮಗುವಿನ ಕುತ್ತಿಗೆಗೆ ಸಿಕ್ಕಿಕೊಳ್ಳಬಹುದು; ಮಂಚ ಅಥವಾ ಕುರ್ಚಿ ಕಿಟಕಿಯ ಪಕ್ಕದಲ್ಲಿದ್ದರೆ ಎತ್ತರದ ಕೊಕ್ಕೆಯೂ ಕೈಗೆಟುಕುತ್ತದೆ. ಅಯಸ್ಕಾಂತದ ಕಟ್ಟಿನಲ್ಲಿ ಅಯಸ್ಕಾಂತ ಕಳಚಿ ಬಂದು ಮಗುವಿನ ಬಾಯಿಗೆ ಸೇರುವ ಭಯವಿದೆ. ಅಂಥಲ್ಲಿ ಗೋಡೆಗೆ ಬಿಗಿದ ತೋಳಿನ ತಡೆಯನ್ನು ಬಳಸಬಹುದು, ಅಥವಾ ಪರದೆಯನ್ನು ಬಿಚ್ಚಿದೊಡನೆ ಕಟ್ಟನ್ನು ಕೊಕ್ಕೆಯಿಂದ ತೆಗೆದು ಬೇರೆಡೆ ಇಡಬೇಕು.